ದೀಪ ಹಚ್ಚಿದವರು ಮೇಲೆ, ಧೂಳು ತೂಗಿದ ಮಕ್ಕಳು ಕೆಳಗೆ!

ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಏನು ಕಂಡುಹಿಡಿದರು ಅನ್ನೋದು ಊರಿಗೆ ಗೊತ್ತಾಗುವುದೋ ಇಲ್ಲವೋ ಎಂಬುದು ಪತ್ರಿಕಾ ಪ್ರಕಟಣೆಯ ಮೊದಲ ನಾಲ್ಕು ಸಾಲಿನಲ್ಲೇ ತೀರ್ಮಾನವಾಗಿ ಹೋಗುತ್ತದೆ. ಆ ನಾಲ್ಕು ಸಾಲನ್ನು ನಮ್ಮ ಶಾಲೆಗಳು ದೀಪ ಹಚ್ಚಿದ ಗಣ್ಯರಿಗೆ ಬಿಟ್ಟುಕೊಡುತ್ತಿವೆ. ಮಕ್ಕಳ ಕೆಲಸ ಕೊನೆಯ ಸಾಲಿಗೆ ಇಳಿಯುತ್ತದೆ, ಕತ್ತರಿ ಬೀಳುವುದೂ ಅಲ್ಲಿಗೇ.

ಬೇರೆ ಊರಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಚಾಂಪಿಯನ್ ರೀಫ್ಸಿನಲ್ಲಿ ಹಾಗನ್ನುವಂತಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಗುಡ್ಡಗಳು ಉಳಿದವು. ಗಣಿಯಿಂದ ಎತ್ತಿದ ಕಲ್ಲನ್ನು ಹಿಟ್ಟಿನಂತೆ ಅರೆದು, ಚಿನ್ನ ತೆಗೆದು, ಮಿಕ್ಕ ಪುಡಿಯನ್ನು ಸುರಿದ ಗುಡ್ಡಗಳಿವು. ಗಾಳಿ ಎದ್ದರೆ ಆ ಪುಡಿ ಲೈನು ಮನೆಗಳ ಅಂಗಳಕ್ಕೆ, ಒಣಗಲು ಹಾಕಿದ ಬಟ್ಟೆಗೆ, ಬಿಂದಿಗೆಯ ಬಾಯಿಗೆ ಬರುತ್ತದೆ. 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಇಂಥ 13 ಗುಡ್ಡಗಳನ್ನು ಮತ್ತೆ ಬಗೆದು ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಗುಡ್ಡ ಅಲುಗಾಡುವ ಮುಂಚೆ ಎಷ್ಟು ಧೂಳು ಬೀಳುತ್ತಿತ್ತು ಎಂಬ ಲೆಕ್ಕ ನಾಳೆ ಯಾರಿಗಾದರೂ ಬೇಕಾಗುತ್ತದೆ. ಆ ಲೆಕ್ಕವನ್ನು ಒಂಬತ್ತನೇ ತರಗತಿ ಮಕ್ಕಳು ಹಾಕಬಲ್ಲರು. ಹಾಕಿದ ಲೆಕ್ಕ ಪತ್ರಿಕೆಯಲ್ಲಿ ಬರದೆ ಹೋದರೆ ಪ್ರದರ್ಶನ ಮುಗಿದ ಸಂಜೆಯೇ ಅದು ರಟ್ಟಿನ ಜೊತೆ ಮೂಲೆ ಸೇರುತ್ತದೆ.

ಬರುವ ಪ್ರಕಟಣೆ ಹೇಗಿರುತ್ತದೆ?

ಪತ್ರಿಕಾ ಕಚೇರಿಗಳ ಮೇಜಿಗೆ ಬರುವ ಪ್ರಕಟಣೆಗಳ ಧಾಟಿ ಹೆಚ್ಚುಕಡಿಮೆ ಒಂದೇ. ಹೆಸರು ತೆಗೆದು, ಧಾಟಿ ಮಾತ್ರ ಇಟ್ಟು ಒಂದು ಮಾದರಿ ಕೊಡುತ್ತೇನೆ:

"ಇಂದಿನ ವಿದ್ಯಾರ್ಥಿಗಳೇ ನಾಳಿನ ವಿಜ್ಞಾನಿಗಳು ಎಂದು ಸನ್ಮಾನ್ಯ ಶ್ರೀಯುತರು ಕರೆ ನೀಡಿದರು. ಅವರು ನಮ್ಮ ಶಾಲೆಯಲ್ಲಿ ಏರ್ಪಡಿಸಿದ್ದ ವಿಜ್ಞಾನ ವಸ್ತು ಪ್ರದರ್ಶನವನ್ನು ದೀಪ ಬೆಳಗಿಸಿ ಉದ್ಘಾಟಿಸಿ ಮಾತನಾಡುತ್ತಿದ್ದರು. ಅಧ್ಯಕ್ಷತೆಯನ್ನು ಇಂಥವರು ವಹಿಸಿದ್ದರು. ವೇದಿಕೆಯ ಮೇಲೆ ಇಂಥಿಂಥವರು ಆಸೀನರಾಗಿದ್ದರು. ಪ್ರಾರ್ಥನೆ ಇಂಥವರಿಂದ, ಸ್ವಾಗತ ಇಂಥವರಿಂದ, ನಿರೂಪಣೆ ಇಂಥವರಿಂದ, ವಂದನಾರ್ಪಣೆ ಇಂಥವರಿಂದ. ಮಕ್ಕಳು ಅನೇಕ ಮಾದರಿಗಳನ್ನು ಪ್ರದರ್ಶಿಸಿ ಎಲ್ಲರ ಮೆಚ್ಚುಗೆಗೆ ಪಾತ್ರರಾದರು."

ಇದರಲ್ಲಿ ಸುದ್ದಿ ಎಲ್ಲಿದೆ ಸ್ವಾಮಿ? ಪ್ರದರ್ಶನ ಯಾವತ್ತು ನಡೆಯಿತು? ತಾರೀಖಿಲ್ಲ. ಎಷ್ಟು ಮಕ್ಕಳು? ಲೆಕ್ಕವಿಲ್ಲ. ಏನಿಟ್ಟಿದ್ದರು? "ಅನೇಕ ಮಾದರಿಗಳು" ಅಂತೆ. ಇದೇ ಕಾಗದದಲ್ಲಿ "ವಿಜ್ಞಾನ" ಎಂಬಲ್ಲಿ "ರಂಗೋಲಿ" ಎಂದು ತಿದ್ದಿದರೆ ರಂಗೋಲಿ ಸ್ಪರ್ಧೆಯ ಪ್ರಕಟಣೆಯಾಗಿಬಿಡುತ್ತದೆ. ಹಾಗೆ ತಿದ್ದಿ ನಡೆಯುವ ಪ್ರಕಟಣೆ ಯಾವುದಕ್ಕೂ ಪ್ರಕಟಣೆಯಲ್ಲ.

ಮೇಷ್ಟ್ರುಗಳ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ನ್ಯಾಯವಲ್ಲ. ಬರೆಯುವವರು ಸಾಮಾನ್ಯವಾಗಿ ವಿಜ್ಞಾನದ ಮೇಷ್ಟ್ರಲ್ಲ, ಅಕ್ಷರ ದುಂಡಗಿದೆ ಅಂತ ಕನ್ನಡ ಮೇಷ್ಟ್ರ ತಲೆಗೆ ಕಟ್ಟಿರುತ್ತಾರೆ. ಅವರ ಕೈಯಲ್ಲಿ ಇರೋದು ಆಮಂತ್ರಣ ಪತ್ರಿಕೆ ಒಂದೇ. ಆಮಂತ್ರಣದ ಸಾಲು ಹೇಗಿದೆಯೋ ಪ್ರಕಟಣೆಯ ಸಾಲೂ ಹಾಗೇ ಬರುತ್ತದೆ. ಜೊತೆಗೆ ಒಂದು ಅಂಜಿಕೆ. ಗಣ್ಯರ ಹೆಸರು ಕೆಳಗೆ ಹೋದರೆ ನಾಳೆ ಶಾಲೆಗೆ ಕೊಠಡಿ ಕೇಳಲು ಹೋದಾಗ ಮುಖ ಸಿಂಡರಿಸಿಕೊಂಡರೆ? ಈ ಅಂಜಿಕೆಗೆ ಅರ್ಥವಿದೆ. ಆದರೆ ಅದಕ್ಕೆ ಔಷಧವೂ ಇದೆ, ಮುಂದೆ ಹೇಳುತ್ತೇನೆ.

ಕತ್ತರಿ ಕೆಳಗಿನಿಂದಲೇ ಯಾಕೆ?

ಹಿಂದೆ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಸುದ್ದಿ ಪುಟಕ್ಕೆ ಹಿಡಿಸದಿದ್ದರೆ ಕೆಳಗಿನ ಸಾಲುಗಳ ಮೊಳೆ ಎತ್ತಿ ಪಕ್ಕಕ್ಕಿಡುತ್ತಿದ್ದರು. ನಡುವೆ ಕೈ ಹಾಕಿದರೆ ಮತ್ತೆ ಜೋಡಿಸುವ ಕೆಲಸ ಬೀಳುತ್ತಿತ್ತು. ಈಗ ಕಂಪ್ಯೂಟರ್ ಬಂದಿದೆ, ಅಭ್ಯಾಸ ಮಾತ್ರ ಹಾಗೇ ಉಳಿದಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಜಾಹೀರಾತು ಬಂತು ಅಂದರೆ ಹನ್ನೆರಡು ಸಾಲಿನ ಸುದ್ದಿ ಆರು ಸಾಲಿಗೆ ಇಳಿಯಬೇಕು. ಪುಟ ಕಟ್ಟುವವನಿಗೆ ಕೂತು ಓದುವ ಪುರುಸೊತ್ತು ಎಲ್ಲಿದೆ? ಕೆಳಗಿನಿಂದ ಆರು ಸಾಲು ಕೊಯ್ಯುತ್ತಾನೆ. ಮೇಲಿನ ಮಾದರಿಯಲ್ಲಿ ಹಾಗೆ ಕೊಯ್ದರೆ ಉಳಿಯುವುದು ದೀಪ, ಗಣ್ಯರು, ವೇದಿಕೆ. ಹೋಗುವುದು ಮಕ್ಕಳು.

ಓದುಗನ ಪಾಡೂ ಇದೇ. ನಮ್ಮ ಕಡೆಯ ಎಷ್ಟೋ ಮಂದಿ ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂ ಗಾಡಿ ಹತ್ತಿ, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರು. ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಸಂಜೆ ಪತ್ರಿಕೆ ನೋಡುವವನು ಮೊದಲ ಎರಡು ಸಾಲು ಓದುತ್ತಾನೆ. ಅದರಲ್ಲಿ ತನ್ನ ಮಗಳ ಶಾಲೆ, ತನ್ನ ಬೀದಿಯ ಧೂಳು ಕಂಡರೆ ಮೂರನೆಯದಕ್ಕೆ ಹೋಗುತ್ತಾನೆ. "ಸನ್ಮಾನ್ಯ" ಕಂಡರೆ ಪುಟ ತಿರುವುತ್ತಾನೆ.

ಒಂದು ಉದಾಹರಣೆ: ಮೂರು ತಟ್ಟೆಗಳ ಲೆಕ್ಕ

ಈಗ ಒಂದು ಕೆಲಸವನ್ನು ಕೊನೆಯವರೆಗೂ ಹಿಡಿದು ನೋಡೋಣ. ಇದು ವಿವರಣೆಗಾಗಿ ಕಟ್ಟಿದ ಉದಾಹರಣೆ. ಅಂಕಿಗಳೂ ಕಟ್ಟಿದವೇ, ಯಾವ ಶಾಲೆಯವೂ ಅಲ್ಲ. ಆದರೆ ಮಾಡುವ ಕ್ರಮ ನಿಜವಾದದ್ದು, ಯಾರು ಬೇಕಾದರೂ ಮಾಡಬಹುದು.

ಒಂಬತ್ತನೇ ತರಗತಿಯ ನಾಲ್ವರು ಮಕ್ಕಳು 30 ಸೆಂಟಿಮೀಟರ್ ಅಗಲದ ಮೂರು ಸ್ಟೀಲ್ ತಟ್ಟೆಗಳನ್ನು ಮೂರು ತಾರಸಿಗಳ ಮೇಲೆ ಇಡುತ್ತಾರೆ. ಮೊದಲನೆಯದು ಗುಡ್ಡದ ಬುಡದ ಲೈನಿನಲ್ಲಿ. ಎರಡನೆಯದು ಗುಡ್ಡದಿಂದ ದೂರ, ಆದರೆ ಲಾರಿ ಬಸ್ಸು ಓಡಾಡುವ ರಸ್ತೆಯ ಪಕ್ಕ. ಮೂರನೆಯದು ಎರಡರಿಂದಲೂ ದೂರದ ಒಂದು ಬಡಾವಣೆಯಲ್ಲಿ. ತಟ್ಟೆಯಲ್ಲಿ ಸ್ವಲ್ಪ ಬಟ್ಟಿ ಇಳಿಸಿದ ನೀರು ನಿಲ್ಲಿಸಿರುತ್ತಾರೆ, ಯಾಕೆಂದರೆ ಒಣ ತಟ್ಟೆಗೆ ಬಿದ್ದ ಧೂಳು ಮುಂದಿನ ಗಾಳಿಗೆ ಎದ್ದುಹೋಗುತ್ತದೆ. ದಿನಾ ಬೆಳಿಗ್ಗೆ ನೀರು ಆರಿದ್ದರೆ ಅಂಥದೇ ನೀರು ತುಂಬುತ್ತಾರೆ. ಏಳು ದಿನವಾದ ಮೇಲೆ ಎಲೆ, ಹುಳು ತೆಗೆದು, ನೀರನ್ನು ಮೊದಲೇ ತೂಗಿಟ್ಟ ಸಣ್ಣ ಬಟ್ಟಲಿಗೆ ತೊಳೆದು ಸುರಿದು, ಬಿಸಿಲಿಗೋ ಸಣ್ಣ ಬೆಂಕಿಗೋ ಇಟ್ಟು ಪೂರ್ತಿ ಆರಿಸಿ, ಬಟ್ಟಲನ್ನು ಮತ್ತೆ ತೂಗುತ್ತಾರೆ. ತಕ್ಕಡಿಗೆ ಪರದಾಡಬೇಕಿಲ್ಲ. ಚಿನ್ನ ಬೆಳ್ಳಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ 10 ಮಿಲಿಗ್ರಾಂ ವ್ಯತ್ಯಾಸವನ್ನು ಹೇಳುತ್ತದೆ. ಬಂಗಾರದ ಊರಲ್ಲಿ ಅದಕ್ಕೇನು ಬರ?

ಗುಡ್ಡದ ಬುಡದ ತಟ್ಟೆಯಲ್ಲಿ 420 ಮಿಲಿಗ್ರಾಂ, ರಸ್ತೆ ಪಕ್ಕದ ತಟ್ಟೆಯಲ್ಲಿ 180, ದೂರದ ತಟ್ಟೆಯಲ್ಲಿ 70 ಬಂತು ಅಂತಿಟ್ಟುಕೊಳ್ಳಿ. 420ನ್ನು 70ರಿಂದ ಭಾಗಿಸಿದರೆ 6. ಆರು ಪಟ್ಟು! ಪ್ರದರ್ಶನದಲ್ಲಿ ಮಕ್ಕಳು ಮೂರು ಬಟ್ಟಲು, ತಕ್ಕಡಿ, ಒಂದು ನಕಾಶೆ ಇಟ್ಟುಕೊಂಡು ನಿಂತಿದ್ದಾರೆ. ಪಕ್ಕದ ಮೇಜಿನಲ್ಲಿ ಸೋಡಾಪುಡಿ, ಹುಳಿ ಹಾಕಿ ಉಕ್ಕಿಸುವ ಜ್ವಾಲಾಮುಖಿ. ಅದರ ಪಕ್ಕ ಥರ್ಮೊಕೋಲಿನ ಸೌರಮಂಡಲ.

ಇವುಗಳಲ್ಲಿ ಮೊದಲ ಸಾಲಿಗೆ ಯಾವುದು? ಎರಡು ಪ್ರಶ್ನೆ ಕೇಳಿದರೆ ಸಾಕು. ಇದನ್ನು ಮಕ್ಕಳೇ ಅಳೆದರೇ, ಅಥವಾ ಪುಸ್ತಕ ನೋಡಿ ಕಟ್ಟಿದರೇ? ಇದು ಈ ಊರಲ್ಲಿ ಮಾತ್ರ ಆಗಬಹುದಾದ್ದೇ, ಅಥವಾ ಶಿವಮೊಗ್ಗದಲ್ಲೂ ಬೀದರಿನಲ್ಲೂ ಹೀಗೇ ಇರುತ್ತದೆಯೇ? ಜ್ವಾಲಾಮುಖಿ ಮಾಡಿದ ಹುಡುಗನ ಕೈಕೆಲಸ ಚೆನ್ನಾಗಿರಬಹುದು, ಶಾಲೆಯಲ್ಲಿ ಬೆನ್ನು ತಟ್ಟಲಿ. ಸುದ್ದಿ ಮಾತ್ರ ಬಟ್ಟಲುಗಳದ್ದು.

ಹಾಗಾದರೆ ಪ್ರಕಟಣೆ ಹೀಗೆ ಶುರುವಾಗಬೇಕು:

"ಚಾಂಪಿಯನ್ ರೀಫ್ಸಿನ ಇಂಥ ಪ್ರೌಢಶಾಲೆಯ ಒಂಬತ್ತನೇ ತರಗತಿಯ ನಾಲ್ವರು ವಿದ್ಯಾರ್ಥಿಗಳು ಏಳು ದಿನ ಮೂರು ಕಡೆ ತಟ್ಟೆ ಇಟ್ಟು ಬಿದ್ದ ಧೂಳನ್ನು ತೂಗಿದ್ದು, ಗುಡ್ಡದ ಪಕ್ಕದ ತಟ್ಟೆಯಲ್ಲಿ ದೂರದ ಬಡಾವಣೆಯ ತಟ್ಟೆಗಿಂತ ಆರು ಪಟ್ಟು ಹೆಚ್ಚು ಧೂಳು ಸಿಕ್ಕಿದೆ. ಇಂಥ ತಾರೀಖು ಶನಿವಾರ ನಡೆದ ಶಾಲಾ ವಿಜ್ಞಾನ ಪ್ರದರ್ಶನದಲ್ಲಿ ಈ ಲೆಕ್ಕವನ್ನು ಇಟ್ಟಿದ್ದರು. ಪ್ರದರ್ಶನ ಭಾನುವಾರ ಸಂಜೆ 6ರವರೆಗೆ ಸಾರ್ವಜನಿಕರಿಗೆ ತೆರೆದಿರುತ್ತದೆ."

ಯಾರು, ಏನು, ಎಲ್ಲಿ, ಯಾವಾಗ, ಹೇಗೆ — ಐದೂ ಬಂತು. ಇಲ್ಲಿಗೇ ಕತ್ತರಿ ಬಿದ್ದರೂ ನಷ್ಟವಿಲ್ಲ. "ಭಾನುವಾರ ಸಂಜೆ 6" ಎಂಬುದನ್ನು ಯಾಕೆ ಮೇಲೆ ತಂದೆ ಅಂದರೆ, ಗಾಡಿಯಲ್ಲಿ ನಿಂತು ಓದುವ ಅಪ್ಪನಿಗೆ ಬಿಡುವಿರುವುದು ಆವತ್ತೇ. ಪ್ರದರ್ಶನ ವಾರದ ನಡುವೆ ಮಧ್ಯಾಹ್ನ ಮೂರಕ್ಕೆ ಮುಗಿಯುವುದಾದರೆ ಅದನ್ನೂ ಬರೆಯಲಿ, ಅವನು ಬಂದು ಬಾಗಿಲು ನೋಡಿ ಹಿಂತಿರುಗುವುದು ತಪ್ಪುತ್ತದೆ.

ಆಮೇಲಿನ ಪ್ಯಾರಾದಲ್ಲಿ ತಟ್ಟೆ ಇಟ್ಟ ಕ್ರಮ, ಮೂರೂ ಅಂಕಿಗಳು. ಅದರ ಕೆಳಗೆ ಮೇಷ್ಟ್ರದೋ ವಿದ್ಯಾರ್ಥಿನಿಯದೋ ಒಂದು ಮಾತು. ಅದರ ಕೆಳಗೆ ಒಟ್ಟು ಎಷ್ಟು ಮಾದರಿ, ಎಷ್ಟು ಮಕ್ಕಳು, ಬಹುಮಾನ ಯಾವುದಕ್ಕೆ. ಎಲ್ಲಕ್ಕಿಂತ ಕೆಳಗೆ, "ಪ್ರದರ್ಶನವನ್ನು ಇಂಥವರು ಉದ್ಘಾಟಿಸಿದರು". ಗಣ್ಯರ ಮುಖ ಸಿಂಡರಿಸುತ್ತದೆ ಎಂಬ ಅಂಜಿಕೆಗೆ ಔಷಧ ಹೇಳುತ್ತೇನೆ ಅಂದೆನಲ್ಲ, ಇಲ್ಲಿದೆ: ಗಣ್ಯರನ್ನು ಬಟ್ಟಲುಗಳ ಮೇಜಿಗೆ ಕರೆದುಕೊಂಡು ಹೋಗಿ, ಮಕ್ಕಳ ಕೈಲಿ ಪ್ರಶ್ನೆ ಕೇಳಿಸಿ. "ಈ ಧೂಳಿಗೆ ಏನು ಮಾಡ್ತೀರಿ ಸಾರ್?" ಅಂತ. ಅವರು ಏನಾದರೂ ಭರವಸೆ ಕೊಟ್ಟರೆ ಹೆಸರು ತಾನಾಗೇ ಎರಡನೇ ಪ್ಯಾರಾಕ್ಕೆ ಏರುತ್ತದೆ. ಕೊಡದಿದ್ದರೆ ಕೆಳಗೇ ಇರಲಿ, ಯಾರೂ ಆಕ್ಷೇಪಿಸುವಂತಿಲ್ಲ.

"ಸೈನೈಡ್" ಅಂದರೆ ಕೆಟ್ಟಿತು

ಇಲ್ಲೊಂದು ದೊಡ್ಡ ಅಪಾಯವಿದೆ. ನಮ್ಮ ಜನ ಆ ಗುಡ್ಡವನ್ನು ಕರೆಯೋದೇ ಸೈನೈಡ್ ಗುಡ್ಡ ಅಂತ. ಚಿನ್ನವನ್ನು ಕಲ್ಲುಪುಡಿಯಿಂದ ಬಿಡಿಸಲು ಸೈನೈಡ್ ದ್ರಾವಣ ಬಳಸುತ್ತಿದ್ದರಿಂದ ಬಂದ ಹೆಸರು. ಪ್ರಕಟಣೆಯಲ್ಲಿ "ಸೈನೈಡ್ ಗುಡ್ಡದ ಧೂಳು ಆರು ಪಟ್ಟು" ಎಂದು ಬರೆದರೆ, ಅವಸರದ ಶೀರ್ಷಿಕೆಗಾರನ ಕೈಯಲ್ಲಿ ಅದು "ಊರಿನ ಮೇಲೆ ಸೈನೈಡ್ ಮಳೆ: ಮಕ್ಕಳ ಸಂಶೋಧನೆ" ಆಗುತ್ತದೆ. ಮರುದಿನ ಬೆಳಿಗ್ಗೆ ತಾಯಂದಿರು ಗಾಬರಿ ಬಿದ್ದು ಶಾಲೆಗೆ ಬರುತ್ತಾರೆ. ಅಧಿಕಾರಿಗಳು ಬಂದು, "ಸೈನೈಡ್ ಪರೀಕ್ಷೆ ಎಲ್ಲಿ ಮಾಡಿಸಿದ್ರಿ, ವರದಿ ತೋರಿಸಿ" ಅನ್ನುತ್ತಾರೆ. ವರದಿ ಎಲ್ಲಿಂದ ಬರಬೇಕು? ಮಕ್ಕಳು ತೂಗಿದ್ದು ತೂಕ, ರಾಸಾಯನಿಕ ಪರೀಕ್ಷೆ ಮಾಡಿಲ್ಲ. ಆಗ ಸುಳ್ಳಾಗುವುದು ಶೀರ್ಷಿಕೆ, ತಲೆ ತಗ್ಗಿಸುವುದು ಮಕ್ಕಳು. ನಿಜವಾಗಿದ್ದ ಆರು ಪಟ್ಟಿನ ಲೆಕ್ಕವೂ ಅದರ ಜೊತೆಗೇ ಕಸದ ಬುಟ್ಟಿಗೆ.

ವಿಜ್ಞಾನದ ಮಾತೂ ಬೇರೆಯೇ ಇದೆ. ಬಯಲಲ್ಲಿ ಬಿಸಿಲು ಗಾಳಿಗೆ ಬಿದ್ದ ಸೈನೈಡ್ ವರ್ಷಗಳು ಕಳೆದಂತೆ ಬಹುಮಟ್ಟಿಗೆ ಒಡೆದುಹೋಗುತ್ತದೆ. ಒಡೆಯದೆ ಉಳಿಯುವುದು ಕಲ್ಲಿನ ಪುಡಿ. ಬೆಣಚುಕಲ್ಲಿನ ನುಣ್ಣನೆಯ ಪುಡಿ, ಅಂದರೆ ಸಿಲಿಕಾ, ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಗಣಿಯೊಳಗೆ ದುಡಿದವರ ಮನೆಗಳಿಗೆ ಈ ಹೆಸರನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ತಟ್ಟೆಗೆ ಬಿದ್ದ ಧೂಳಿನಲ್ಲಿ ಸಿಲಿಕಾ ಎಷ್ಟು, ಉಸಿರಲ್ಲಿ ಒಳಗೆ ಹೋಗುವಷ್ಟು ಸಣ್ಣ ಕಣ ಎಷ್ಟು ಎಂಬುದನ್ನು ಚಿನ್ನದಂಗಡಿ ತಕ್ಕಡಿ ಹೇಳಲಾರದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಆದ್ದರಿಂದ ಪ್ರಕಟಣೆಯಲ್ಲಿ, ಅದೂ ಮೊದಲ ಪ್ಯಾರಾದ ಬೆನ್ನಿಗೇ, ಒಂದು ಸಾಲು ಇರಲೇಬೇಕು: "ಧೂಳಿನ ತೂಕವನ್ನಷ್ಟೇ ಅಳೆಯಲಾಗಿದೆ, ಅದರಲ್ಲಿ ಏನಿದೆ ಎಂಬ ಪರೀಕ್ಷೆ ಮಾಡಿಲ್ಲ." ಇದನ್ನು ಕೊನೆಗೆ ಹಾಕಿದರೆ ಅದೂ ಕತ್ತರಿಗೆ ಹೋಗುತ್ತದೆ. ಎಚ್ಚರಿಕೆಯ ಮಾತು ಹೋಗಿ ಬೆದರಿಸುವ ಮಾತು ಮಾತ್ರ ಉಳಿಯುತ್ತದೆ. ಇನ್ನೊಂದು: ಅಳೆದದ್ದು ಏಳೇ ದಿನ, ಒಂದೊಂದು ಕಡೆ ಒಂದೊಂದೇ ತಟ್ಟೆ. ಗಾಳಿ ಆ ವಾರ ಯಾವ ಕಡೆಗೆ ಬೀಸಿತು ಎಂಬುದರ ಮೇಲೆ ಲೆಕ್ಕ ತಲೆಕೆಳಗಾಗಬಹುದು. ಹಾಗಾಗಿ "ನಾವು ಇಟ್ಟ ತಟ್ಟೆಯಲ್ಲಿ, ಈ ಏಳು ದಿನದಲ್ಲಿ" ಅಂದರೆ ಸತ್ಯ, "ಚಾಂಪಿಯನ್ ರೀಫ್ಸಿನ ಗಾಳಿ ಆರು ಪಟ್ಟು ಕೆಟ್ಟದ್ದು" ಅಂದರೆ ಅಬದ್ಧ. ರಸ್ತೆ ಪಕ್ಕ ಎರಡನೇ ತಟ್ಟೆ ಇಟ್ಟಿದ್ದೂ ಇದಕ್ಕೇ. "ಇದೆಲ್ಲಾ ಲಾರಿ ಧೂಳು ಕಣಯ್ಯ" ಎಂದು ಯಾರಾದರೂ ಅಂದರೆ, ಲಾರಿ ಓಡಾಡುವ ಕಡೆ 180, ಗುಡ್ಡದ ಬುಡದಲ್ಲಿ 420 ಎಂದು ಮಕ್ಕಳು ಉತ್ತರ ಕೊಡಬಹುದು. ಪೂರ್ತಿ ಉತ್ತರವಲ್ಲ, ಆದರೂ ಉತ್ತರವೇ. ಮೂರು ಅಂಕಿಯೂ ಪ್ರಕಟಣೆಯಲ್ಲಿ ಇರಬೇಕು ಅನ್ನೋದು ಅದಕ್ಕೇ. ಬರೀ "ಆರು ಪಟ್ಟು" ಇದ್ದರೆ ಓದುಗನಿಗೆ ತಾಳೆ ನೋಡಲು ದಾರಿಯಿಲ್ಲ.

ಇದೇ ನೆಲದ ಪಾಠ

ಇಷ್ಟು ಹುಷಾರು ಮಕ್ಕಳ ಪ್ರದರ್ಶನಕ್ಕೆ ಬೇಕೇ ಅಂತ ಕೇಳುವವರಿಗೆ ಚಾಂಪಿಯನ್ ರೀಫ್ಸಿನ ನೆಲದೊಳಗಿನ ಕಥೆಯನ್ನೇ ನೆನಪಿಸಬೇಕು. 1965ರಲ್ಲಿ ಇಲ್ಲಿನ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ ಆಕಾಶದಿಂದ ಬರುವ ನ್ಯೂಟ್ರಿನೋ ಎಂಬ ಕಣದ ಸುಳಿವು ಹಿಡಿದರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ ಇನ್ನೊಂದು ತಂಡವೂ ಇದರ ಬೆನ್ನು ಬಿದ್ದಿತ್ತು. ಅಚ್ಚಿನಲ್ಲಿ ಮೊದಲು ಬಂದದ್ದು ನಮ್ಮ ಕೆ.ಜಿ.ಎಫ್. ವರದಿ, 1965ರ ಆಗಸ್ಟ್‌ನಲ್ಲಿ. ಆ ವರದಿಯ ತಲೆಬರಹ ನೋಡಿ: ಯಾವ ಕಣ ಸಿಕ್ಕಿತು, ಅದು ಯಾವುದರಿಂದ ಹುಟ್ಟಿತು, ಎಲ್ಲಿ ಸಿಕ್ಕಿತು — ಮೂರೂ ಅದರಲ್ಲೇ ಇದೆ. ಸಂಸ್ಥೆಯ ಹಿರಿಮೆ, ವಿಜ್ಞಾನದ ಮಹಿಮೆ ಯಾವುದೂ ಇಲ್ಲ. ಸಿಕ್ಕಿದ್ದು ಬೆರಳಲ್ಲಿ ಎಣಿಸುವಷ್ಟು ಘಟನೆ. ಅಷ್ಟನ್ನೇ ಹೇಳಿದರು.

ಇನ್ನೊಂದು ಪಾಠ 1980ರ ದಶಕದ್ದು. ಇದೇ ಕೆ.ಜಿ.ಎಫ್. ಗಣಿಯೊಳಗೆ 140 ಟನ್ ಕಬ್ಬಿಣದ ಯಂತ್ರ ಕಟ್ಟಿ, ಪರಮಾಣುವಿನೊಳಗಿನ ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ಕಾದರು. ಒಡೆದಂತೆ ಕಾಣುವ ಕೆಲವು ಗುರುತು ಸಿಕ್ಕಿತು. ವಿಜ್ಞಾನಿಗಳು ಅವನ್ನು "ಆಗಿರಬಹುದಾದ ಘಟನೆಗಳು" ಎಂದು ಕರೆದರು. ಮುಂದೆ ಅಮೆರಿಕ, ಜಪಾನುಗಳಲ್ಲಿ ಇದಕ್ಕಿಂತ ಬಹಳ ದೊಡ್ಡ ಯಂತ್ರಗಳು ನೋಡಿದಾಗ ಅದು ದೃಢಪಡಲಿಲ್ಲ. "ಆಗಿರಬಹುದಾದ" ಎಂಬ ಒಂದು ಪದ ಇದ್ದುದರಿಂದ ಯಾರ ಮಾತೂ ಸುಳ್ಳಾಗಲಿಲ್ಲ. ಅಂಥವರಿಗೇ ಬೇಕಾದ ಪದ ಮೂರು ಬಟ್ಟಲಿನ ಲೆಕ್ಕಕ್ಕೆ ಬೇಡವೇ?

ಕೊನೆಗೆ ಮೇಷ್ಟ್ರುಗಳಿಗೆ ಮೂರು ಮಾತು

ಒಂದು, ಪ್ರಕಟಣೆ ಬರೆಯುವ ಕಾಗದ ಹಿಡಿದು ವೇದಿಕೆಯ ಹತ್ತಿರ ನಿಲ್ಲಬೇಡಿ, ಮೇಜುಗಳ ಹತ್ತಿರ ಹೋಗಿ. ಮಗುವನ್ನು "ಏನಮ್ಮಾ ಅಳೆದೆ? ಎಷ್ಟು ಬಂತು? ಹೇಗೆ ಗೊತ್ತಾಯ್ತು?" ಎಂದು ಕೇಳಿ, ಅದು ಹೇಳಿದ್ದನ್ನೇ ಬರೆಯಿರಿ. ಅಂಕಿ ಬರೆದ ಮೇಲೆ ಮಗುವಿನ ನೋಟ್‌ಬುಕ್ಕಿನ ಜೊತೆ ಒಮ್ಮೆ ತಾಳೆ ನೋಡಿ. 70 ಹೋಗಿ 700 ಆಗುವುದಕ್ಕೆ ಒಂದು ಸೊನ್ನೆ ಸಾಕು. ಮಕ್ಕಳ ಹೆಸರು, ಚಿತ್ರ ಕೊಡುವುದಾದರೆ ಮನೆಯವರನ್ನು ಕೇಳಿ ಕೊಡಿ. ಚಿತ್ರದಲ್ಲಿ ಟೇಪು ಕತ್ತರಿಸುವ ಕೈಗಿಂತ ಬಟ್ಟಲು ಹಿಡಿದ ಕೈ ಇರಲಿ.

ಎರಡು, "ಪೆಟ್ರೋಲ್ ಇಲ್ಲದೆ, ಕರೆಂಟ್ ಇಲ್ಲದೆ ಸದಾ ಓಡುವ ಯಂತ್ರ" ಎಂಬಂಥದ್ದು ಪ್ರದರ್ಶನದಲ್ಲಿ ಕಂಡರೆ ಮೊದಲ ಸಾಲಿಗೆ ಏರಿಸಬೇಡಿ. ಎಲ್ಲೋ ಒಂದು ಬ್ಯಾಟರಿ ಅಡಗಿರುತ್ತದೆ, ಇಲ್ಲದಿದ್ದರೆ ಯಂತ್ರ ಸ್ವಲ್ಪ ಹೊತ್ತಿಗೆ ನಿಂತಿರುತ್ತದೆ. ಪತ್ರಿಕೆಯವರು ಖುಷಿಯಿಂದ ಹಾಕಿಯೇ ಹಾಕುತ್ತಾರೆ. ನಗುವುದು ಮಾತ್ರ ಊರಿನ ಕಾಲೇಜಿನವರು, ನಗಿಸಿಕೊಳ್ಳುವುದು ನಿಮ್ಮ ಶಾಲೆ.

ಮೂರು, ಹೊತ್ತು. ಸಂಜೆ ಪತ್ರಿಕೆಗೆ ಕೊಡುವ ಕಾಗದ ಬೆಳಿಗ್ಗೆಯೇ ತಲುಪಬೇಕು, ಮಧ್ಯಾಹ್ನ ಊಟದ ಹೊತ್ತಿಗೆ ಬಂದರೆ ನಾಳೆಗೆ ಹಳಸಲು. ಸಾಧ್ಯವಾದರೆ ಎರಡು ಪ್ರಕಟಣೆ ಮಾಡಿ: ಪ್ರದರ್ಶನಕ್ಕೆ ಎರಡು ದಿನ ಮುಂಚೆ, ಎಲ್ಲಿ, ಯಾವಾಗ, ಯಾರು ಬರಬಹುದು ಎಂಬ ನಾಲ್ಕು ಸಾಲು, ಮುಗಿದ ದಿನ, ಏನು ಕಂಡಿತು ಎಂಬ ಹನ್ನೆರಡು ಸಾಲು. ಎರಡರ ಅಡಿಯಲ್ಲೂ ತಾರೀಖು, ಶಾಲೆಯ ಮೊಹರು, ಅನುಮಾನ ಬಂದರೆ ಕೇಳಲು ಒಬ್ಬ ಮೇಷ್ಟ್ರ ಫೋನ್ ನಂಬರು. ನಂಬರು ಅಚ್ಚಿಗಲ್ಲ, ಕಚೇರಿಗೆ. ಫೋನ್ ಎತ್ತುವ ಮೇಷ್ಟ್ರು ಇದ್ದರೆ "ಸೈನೈಡ್ ಮಳೆ"ಯಂಥ ಶೀರ್ಷಿಕೆ ಅಚ್ಚಿಗೆ ಹೋಗುವ ಮುಂಚೆಯೇ ನಿಲ್ಲುತ್ತದೆ.

ಗುಡ್ಡಗಳನ್ನು ಬಗೆಯುವ ಯಂತ್ರಗಳು ಒಂದಲ್ಲ ಒಂದು ದಿನ ಬರುತ್ತವೆ. ಆಗ "ಧೂಳು ಹೆಚ್ಚಾಯ್ತು" ಎಂದು ಜನ ಕೂಗಿದರೆ, "ಮೊದಲು ಎಷ್ಟಿತ್ತು, ತೋರಿಸಿ" ಎಂಬ ಪ್ರಶ್ನೆ ಬರುತ್ತದೆ. ತಾರೀಖು, ಜಾಗ, ಮೂರು ಅಂಕಿ ಇರುವ ಒಂದು ಹಳೇ ಪತ್ರಿಕೆಯ ತುಣುಕು ಯಾರದಾದರೂ ಪೆಟ್ಟಿಗೆಯಲ್ಲಿ ಇದ್ದರೆ ಉತ್ತರ ಕೊಡಬಹುದು. ದೀಪ ಹಚ್ಚಿದವರ ಪಟ್ಟಿ ಮಾತ್ರ ಇದ್ದರೆ ಏನು ತೋರಿಸುತ್ತೀರಿ?